‘ಇನ್ನೂ ಯಾಕೆ ಆಗಿಲ್ಲ?’ ಎಂದು ಬರೆದ ರಾತ್ರಿ

ಮಕ್ಕಳೇ, ಮಕ್ಕಳ ಜೊತೆ ಕೂತು ಓದುವ ಅಜ್ಜ ಅಜ್ಜಿಯರೇ, ಈ ವಾರ ನನ್ನದೇ ಒಂದು ತಪ್ಪಿನ ಕಥೆ ಹೇಳುತ್ತೇನೆ. ತಪ್ಪು ದೊಡ್ಡದೇನಲ್ಲ, ಮೊಬೈಲಿನಲ್ಲಿ ನಾಲ್ಕು ಸಾಲು ಬರೆದೆ, ಅಷ್ಟೇ. ಆದರೆ ಆ ನಾಲ್ಕು ಸಾಲಿನಿಂದ ಮೂವತ್ತು ವರ್ಷದ ಗೆಳೆಯನೊಬ್ಬ ಮರುದಿನ ಬೆಳಿಗ್ಗೆ ನನ್ನ ಜೊತೆ ವಾಕಿಂಗ್‌ಗೆ ಬರಲಿಲ್ಲ.

ನಮ್ಮದು ಮೈಸೂರಿನ ಒಂದು ಹಳೆಯ ಬಡಾವಣೆ. ಪ್ರತಿ ವರ್ಷ ನವೆಂಬರ್ 1ರಂದು ಪಾರ್ಕಿನಲ್ಲಿ ಕನ್ನಡ ರಾಜ್ಯೋತ್ಸವ ಮಾಡುತ್ತೇವೆ. ಅದಕ್ಕೊಂದು ಸಮಿತಿ, ಒಂಬತ್ತು ಜನ. 2025ರಲ್ಲಿ ನನ್ನನ್ನು ಕಾರ್ಯದರ್ಶಿ ಮಾಡಿದರು. ಅಂಚೆ ಕಚೇರಿಯಲ್ಲಿ ಮೂವತ್ತೈದು ವರ್ಷ ದುಡಿದು ನಿವೃತ್ತನಾದವನು ನಾನು. ಹೊತ್ತಿಗೆ ಸರಿಯಾಗಿ ಕೆಲಸ ಆಗಬೇಕು ಎನ್ನುವುದು ನನ್ನ ರಕ್ತದಲ್ಲೇ ಇದೆ.

ದಸರಾ ಮುಗಿದ ಮೇಲೆ, ಅಕ್ಟೋಬರ್ 5ರ ಭಾನುವಾರ ಸಭೆ ಸೇರಿದೆವು. ಕೆಲಸ ಹಂಚಿಕೊಂಡೆವು. ಧ್ವನಿವರ್ಧಕ ಹಾಕುವುದಕ್ಕೆ ಪೊಲೀಸ್ ಠಾಣೆಯ ಅನುಮತಿ ಬೇಕು. ಅದನ್ನು ತರುವ ಕೆಲಸ ನನ್ನ ಗೆಳೆಯ ಮೇಷ್ಟ್ರದು. ಅವರು ನಿವೃತ್ತ ಶಿಕ್ಷಕರು, ಬೀದಿಯಲ್ಲಿ ಎಲ್ಲರಿಗೂ ಅವರು ‘ಮೇಷ್ಟ್ರು’ ಅಷ್ಟೆ. ಶಾಮಿಯಾನ, ಕುರ್ಚಿಗಳಿಗೆ ಮುಂಗಡ ಕೊಡುವುದು ಖಜಾಂಚಿ ಮೇಡಂ ಕೆಲಸ. ಸ್ಪರ್ಧೆಯಲ್ಲಿ ಗೆದ್ದ ಮಕ್ಕಳಿಗೆ ಕೊಡಲು ಮೂವತ್ತು ಪುಸ್ತಕ ತರುವುದು ಮೂಲೆಮನೆಯ ಹುಡುಗನಿಗೆ. ಅವನು ಕಂಪ್ಯೂಟರ್ ಕಂಪನಿಯಲ್ಲಿ ಕೆಲಸ ಮಾಡುತ್ತಾನೆ. ಅತಿಥಿಗಳನ್ನು ಕರೆಯುವುದು, ಆಮಂತ್ರಣ ಪತ್ರಿಕೆ ಅಚ್ಚು ಹಾಕಿಸುವುದು ನನಗೆ. ಚಂದಾ ಎತ್ತುವುದು, ಉಪ್ಪಿಟ್ಟು ಕೇಸರಿಬಾತಿನ ವ್ಯವಸ್ಥೆ ಉಳಿದವರಿಗೆ.

ಸಭೆ ಚೆನ್ನಾಗಿ ನಡೆಯಿತು. ಎಲ್ಲರೂ ‘ಆಗಲಿ, ಮಾಡೋಣ’ ಎಂದರು. ಆದರೆ ಯಾವ ಕೆಲಸ ಯಾವ ತಾರೀಖಿನೊಳಗೆ ಆಗಬೇಕು ಎಂದು ಯಾರೂ ಹೇಳಲಿಲ್ಲ, ನಾನೂ ಬರೆದುಕೊಳ್ಳಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹತ್ತು ದಿನ ಕಳೆಯಿತು. ಸಮಿತಿಯ ವಾಟ್ಸಾಪ್ ಗುಂಪಿನಲ್ಲಿ ಶುಭೋದಯದ ಹೂವುಗಳು ಬರುತ್ತಿದ್ದವು, ಕೆಲಸದ ಸುದ್ದಿ ಒಂದೂ ಇಲ್ಲ. ಅಕ್ಟೋಬರ್ 15ರ ರಾತ್ರಿ ಊಟ ಮುಗಿಸಿ ಕೂತವನಿಗೆ ತಲೆ ಬಿಸಿಯಾಯಿತು. ಹೀಗೆ ಬರೆದು ಕಳಿಸಿದೆ:

“ಸಭೆ ಆಗಿ ಹತ್ತು ದಿನ ಆಯಿತು. ಪೊಲೀಸ್ ಅನುಮತಿ ಇನ್ನೂ ಯಾಕೆ ಆಗಿಲ್ಲ? ಶಾಮಿಯಾನಕ್ಕೆ ಮುಂಗಡವನ್ನೂ ಕೊಟ್ಟಿಲ್ಲ. ಬಹುಮಾನದ ಸುದ್ದಿಯೇ ಇಲ್ಲ. ಜವಾಬ್ದಾರಿ ಒಪ್ಪಿಕೊಂಡವರು ದಯವಿಟ್ಟು ಎಚ್ಚರಗೊಳ್ಳಬೇಕು.”

ಒಬ್ಬೊಬ್ಬರಾಗಿ ಎಲ್ಲರೂ ಓದಿದರು. ಯಾರೂ ಉತ್ತರ ಬರೆಯಲಿಲ್ಲ. ‘ಬಿಸಿ ಮುಟ್ಟಿತು’ ಎಂದುಕೊಂಡು ಮಲಗಿದೆ.

ಬೆಳಿಗ್ಗೆ ಪಾರ್ಕಿನ ಗೇಟಿನ ಹತ್ತಿರ ಕಾದೆ. ಮೇಷ್ಟ್ರು ಬರಲಿಲ್ಲ. ಮಳೆ ಬಂದರೂ ಕೊಡೆ ಹಿಡಿದು ಬರುವ ಮನುಷ್ಯ. ಮನೆಗೆ ಬಂದು ಮೊಬೈಲ್ ನೋಡಿದರೆ ಅವರು ಗುಂಪಿನಿಂದ ಹೊರಗೆ ಹೋಗಿದ್ದರು. ಅದರ ಕೆಳಗೆ ಖಜಾಂಚಿ ಮೇಡಂ ಒಂದೇ ಸಾಲು ಬರೆದಿದ್ದರು: “ಚೆಕ್ಕಿಗೆ ನಿಮ್ಮ ಸಹಿ ಬೇಕು ಅಂತ ಸೋಮವಾರವೇ ಹೇಳಿದ್ದೆ ಸಾರ್.”

ನನ್ನ ಮುಖ ನೋಡಬೇಕಿತ್ತು. ಸಮಿತಿಯ ಬ್ಯಾಂಕ್ ಖಾತೆಗೆ ಎರಡು ಸಹಿ ಬೇಕು, ಖಜಾಂಚಿಯದು ಮತ್ತು ಕಾರ್ಯದರ್ಶಿಯದು. ಸೋಮವಾರ ಅವರು ತರಕಾರಿ ಅಂಗಡಿಯಲ್ಲಿ ಸಿಕ್ಕಿ ಹೇಳಿದ್ದು ಆಗ ನೆನಪಾಯಿತು. ‘ಸಂಜೆ ಬರ್ತೀನಿ’ ಎಂದಿದ್ದೆ, ಮರೆತಿದ್ದೆ. ಅಂದರೆ ಶಾಮಿಯಾನದ ಕೆಲಸ ನಿಂತಿದ್ದು ನನ್ನಿಂದ, ಊರಿಗೆಲ್ಲ ಕಾಣುವಂತೆ ಬೈದದ್ದೂ ನಾನೇ. ನನ್ನ ಪಾಲಿನ ಆಮಂತ್ರಣ ಪತ್ರಿಕೆಯೂ ಅಚ್ಚಿಗೆ ಹೋಗಿರಲಿಲ್ಲ.

ಏಳನೇ ತರಗತಿಯಲ್ಲಿ ಓದುವ ಮೊಮ್ಮಗಳು ಪುಟ್ಟಿ ಶಾಲೆಗೆ ಹೊರಟಿದ್ದಳು. ಮೊಬೈಲ್ ಕೈಗೆ ಕೊಟ್ಟು, ‘ನಾನು ಬರೆದದ್ದರಲ್ಲಿ ತಪ್ಪೇನಿದೆ ನೋಡು, ದಯವಿಟ್ಟು ಅಂತಾನೂ ಹಾಕಿದ್ದೀನಿ’ ಎಂದೆ. ಅವಳು ಓದಿ ತಲೆಯೆತ್ತಿದಳು.

“ತಾತ, ಇದು ಅಸೆಂಬ್ಲಿಯಲ್ಲಿ ಹೆಸರು ಕೂಗಿ ಮುಂದೆ ನಿಲ್ಲಿಸಿದ ಹಾಗಿದೆ.”

“ನಾನು ಯಾರ ಹೆಸರೂ ಹಾಕಿಲ್ಲವಲ್ಲೇ?”

“ಹೆಸರು ಹಾಕದೇ ಇದ್ದರೂ ಯಾರು ಅಂತ ಎಲ್ಲರಿಗೂ ಗೊತ್ತಲ್ಲ ತಾತ!”

ಚೀಲ ಹೆಗಲಿಗೆ ಹಾಕಿಕೊಂಡು ಹೋದಳು. ನಾನು ಮೊದಲು ಖಜಾಂಚಿ ಮೇಡಂ ಮನೆಗೆ ಹೋಗಿ ಚೆಕ್ಕಿಗೆ ಸಹಿ ಹಾಕಿದೆ. ಆಮೇಲೆ ಮೇಷ್ಟ್ರ ಮನೆ ಬಾಗಿಲು ತಟ್ಟಿದೆ.

ಅವರು ಬೈಯಲಿಲ್ಲ, ಅದೇ ಹೆಚ್ಚು ಕಷ್ಟವಾಯಿತು. ಕಾಫಿ ತರಿಸಿದರು. ಒಳಗಿಂದ ಒಂದು ರಟ್ಟಿನ ಫೈಲು ತಂದು ಮುಂದಿಟ್ಟರು.

“ನೋಡಿ ರಾಯರೇ. ಸಭೆಯ ಮಾರನೇ ದಿನವೇ ಠಾಣೆಗೆ ಹೋಗಿದ್ದೆ. ಪಾರ್ಕು ಪಾಲಿಕೆಯದು, ಮೊದಲು ಅವರ ಒಪ್ಪಿಗೆ ಪತ್ರ ತನ್ನಿ, ಆಮೇಲೆ ನಮ್ಮದು ಅಂದರು. ಹತ್ತನೇ ತಾರೀಖು ಪಾಲಿಕೆಯ ವಲಯ ಕಚೇರಿಗೆ ಅರ್ಜಿ ಕೊಟ್ಟೆ. ಇದು ಸ್ವೀಕೃತಿ. ಹದಿನೇಳಕ್ಕೆ ಬನ್ನಿ ಅಂದಿದ್ದಾರೆ. ಪತ್ರ ಕೈಗೆ ಬಂದ ಮೇಲೆ ಹೇಳೋಣ ಅಂತ ಸುಮ್ಮನಿದ್ದೆ. ನೀವು ಒಂದು ಮಾತು ಕೇಳಿದ್ದರೆ ಹೇಳುತ್ತಿದ್ದೆ. ದಿನಾ ಬೆಳಿಗ್ಗೆ ಜೊತೆಗೇ ನಡೀತೀವಲ್ಲ?”

ನಾನು ತಲೆ ತಗ್ಗಿಸಿದೆ. ಮೇಷ್ಟ್ರ ಕೆಲಸ ಮುಗಿದಿರಲಿಲ್ಲ, ನಿಜ. ಆದರೆ ಅವರು ಮಾಡದೆ ಕೂತಿರಲಿಲ್ಲ. ‘ಮುಗಿದಿಲ್ಲ’ ಎನ್ನುವುದಕ್ಕೂ ‘ಮಾಡಿಲ್ಲ’ ಎನ್ನುವುದಕ್ಕೂ ಇರುವ ದೂರವನ್ನು ನಾನು ಆ ರಾತ್ರಿ ನೋಡಿರಲಿಲ್ಲ. ಸಮಿತಿಯ ಕೆಲಸ ಬಾಕಿ ಉಳಿದಿದೆ ಎಂದರೆ ಸಾಮಾನ್ಯವಾಗಿ ಮೂರರಲ್ಲಿ ಒಂದು ಆಗಿರುತ್ತದೆ. ಒಂದೋ ಕೆಲಸ ಬೇರೆ ಯಾರಿಗೋ ಕಾಯುತ್ತಿರುತ್ತದೆ, ಮೇಷ್ಟ್ರದು ಪಾಲಿಕೆಗೆ ಕಾದಂತೆ, ಮೇಡಂದು ನನ್ನ ಸಹಿಗೆ ಕಾದಂತೆ. ಒಂದೋ ಯಾವಾಗ ಬೇಕು ಎಂಬುದು ಮಾಡುವವರಿಗೇ ಗೊತ್ತಿರುವುದಿಲ್ಲ. ಇಲ್ಲವೇ ನಿಜವಾಗಿ ಮರೆತಿರುತ್ತಾರೆ. ನಾವು ಮಾತ್ರ ಮೊದಲೇ ಮೂರನೆಯದು ಎಂದುಕೊಂಡು ಮಾತು ಶುರು ಮಾಡುತ್ತೇವೆ. ದೂರು ಕೇಳಿಸುವುದು ಅಲ್ಲಿಂದಲೇ.

ಮೇಷ್ಟ್ರ ಹತ್ತಿರ ಕ್ಷಮೆ ಕೇಳಿದೆ. ‘ಇರಲಿ ಬಿಡಿ’ ಎಂದರು. ಆದರೆ ಬೈದದ್ದು ಎಂಟು ಜನರ ಮುಂದೆ, ಕ್ಷಮೆ ಕೇಳಿದ್ದು ಒಬ್ಬರೇ ಇದ್ದಾಗ. ಲೆಕ್ಕ ಸರಿಹೋಗುವುದಿಲ್ಲ. ಆದ್ದರಿಂದ ಅಂದು ಸಂಜೆ ಗುಂಪಿನಲ್ಲೇ ಬರೆದೆ: “ನಿನ್ನೆ ವಿಚಾರಿಸದೆ ಬರೆದೆ, ತಪ್ಪಾಯಿತು. ಅನುಮತಿಗೆ ಮೇಷ್ಟ್ರು ಎರಡು ಕಚೇರಿ ಓಡಾಡಿ 10ನೇ ತಾರೀಖಿಗೇ ಅರ್ಜಿ ಕೊಟ್ಟಿದ್ದಾರೆ. ಮುಂಗಡ ನಿಂತದ್ದು ನನ್ನ ಸಹಿ ಇಲ್ಲದೆ, ಇವತ್ತು ಹಾಕಿದ್ದೇನೆ.” ಹೆಚ್ಚೇನೂ ಬರೆಯಲಿಲ್ಲ. ‘ಆದರೆ ಕೆಲಸ ಬೇಗ ಆಗಲಿ ಎಂಬ ಕಾಳಜಿಯಿಂದ’ ಎಂದು ಬಾಲ ಸೇರಿಸಲು ಬೆರಳು ಹೋಗಿತ್ತು, ತಡೆದೆ. ‘ಆದರೆ’ ಬಂದರೆ ಕ್ಷಮೆ ಅರ್ಧ ವಾಪಸ್ ತೆಗೆದುಕೊಂಡ ಹಾಗೆ.

ರಾತ್ರಿ ಮೇಷ್ಟ್ರು ಗುಂಪಿಗೆ ಮರಳಿದರು. ಆಮೇಲೆ ಊಟದ ಮೇಜಿನ ಮೇಲೆ ನಾನೂ ಪುಟ್ಟಿಯೂ ಅವಳ ರಫ್ ನೋಟ್‌ಬುಕ್ ತೆರೆದು ಕೂತೆವು. ನಾನು ಬರೆದ ಸಾಲುಗಳಲ್ಲಿ ಯಾವ ಪದ ಚುಚ್ಚುತ್ತದೆ ಎಂದು ಒಂದೊಂದಾಗಿ ಹುಡುಕಿದೆವು. ಇದು ಕನ್ನಡದ ಪಾಠವೇ ಆಯಿತು.

ಮೊದಲು ಸಿಕ್ಕಿದ್ದು ‘ಇನ್ನೂ’. ಈ ಪದ ಒಂಟಿಯಾಗಿ ಕೆಟ್ಟದ್ದಲ್ಲ. ‘ಇನ್ನೂ ಹದಿನೈದು ದಿನ ಇದೆ’ ಎಂದರೆ ಧೈರ್ಯ ಬರುತ್ತದೆ. ಆದರೆ ಅದರ ಮುಂದೆ ‘ಆಗಿಲ್ಲ’, ‘ತಂದಿಲ್ಲ’, ‘ಕೊಟ್ಟಿಲ್ಲ’ ಬಂತೋ, ‘ಇಷ್ಟು ಹೊತ್ತಿಗೆ ಆಗಬೇಕಿತ್ತು’ ಎಂಬ ತೀರ್ಪು ಅದರೊಳಗೆ ಕೂತುಬಿಡುತ್ತದೆ. ‘ಪುಸ್ತಕ ತಂದಿಲ್ಲವಾ?’ ಎಂದು ಕೇಳಿ ನೋಡಿ. ‘ಪುಸ್ತಕ ಇನ್ನೂ ತಂದಿಲ್ಲವಾ?’ ಎಂದು ಕೇಳಿ ನೋಡಿ. ಎರಡನೆಯದಕ್ಕೆ ಹುಬ್ಬು ಗಂಟಿಕ್ಕಿದ ಮುಖ ತಾನಾಗಿ ಬರುತ್ತದೆ.

ಎರಡನೆಯದು ‘ಯಾಕೆ’. ‘ಯಾಕೆ ಆಗಿಲ್ಲ?’ ಎಂದು ಕೇಳಿದರೆ ಎದುರಿನವರು ಕಾರಣ ಹೇಳಬೇಕು, ಅಂದರೆ ಕಟಕಟೆಯಲ್ಲಿ ನಿಲ್ಲಬೇಕು. ಅದೇ ಮಾತನ್ನು ‘ಎಲ್ಲಿಗೆ ಬಂತು?’ ಎಂದು ಕೇಳಿದರೆ ಸುದ್ದಿ ಹೇಳಿದರೆ ಸಾಕು. ‘ಅನುಮತಿಯ ಕೆಲಸ ಎಲ್ಲಿಗೆ ಬಂತು ಮೇಷ್ಟ್ರೇ?’ ಎಂದು ನಾನು ಪಾರ್ಕಿನಲ್ಲಿ ಕೇಳಿದ್ದರೆ ಫೈಲಿನ ಕಥೆಯೆಲ್ಲ ಎರಡು ಸುತ್ತು ಹಾಕುವುದರೊಳಗೆ ಗೊತ್ತಾಗುತ್ತಿತ್ತು.

ಮೂರನೆಯದು ‘ಒಪ್ಪಿಕೊಂಡವರು’. ‘ನೀವೇ ಒಪ್ಪಿಕೊಂಡಿದ್ದಿರಿ’ ಎನ್ನುವ ಮಾತಿನ ‘ನೀವೇ’ ಕೂಡ ಇದರ ತಮ್ಮ. ಆ ಒಂದು ‘ಏ’ಕಾರದಲ್ಲಿ ಎಷ್ಟು ಸಿಟ್ಟು ತುಂಬಬಹುದು ಎಂದು ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಇನ್ನು ‘ದಯವಿಟ್ಟು’. ಪಾಪ, ಅದು ಒಳ್ಳೆಯ ಪದ. ಆದರೆ ಹಾಗಲಕಾಯಿಗೆ ಕೊನೆಯಲ್ಲಿ ಚೂರು ಬೆಲ್ಲ ಹಾಕಿದರೆ ಕಹಿ ಹೋಗುವುದಿಲ್ಲ. ‘ದಯವಿಟ್ಟು ಎಚ್ಚರಗೊಳ್ಳಬೇಕು’ ಎಂದರೆ ನೀವು ಮಲಗಿದ್ದೀರಿ ಎಂದೇ ಅರ್ಥ.

ಹಾಗಾದರೆ ಏನು ಬರೆಯಬೇಕು? ಪುಟ್ಟಿ ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆದಳು. ನಾನು ಒಂದು ಸಾಲು ಸೇರಿಸಿದೆ. ಕೊನೆಗೆ ಹೀಗಾಯಿತು:

“ಆಮಂತ್ರಣ ಪತ್ರಿಕೆಯಲ್ಲಿ ಹಾಕಬೇಕಾದ್ದರಿಂದ ಬಹುಮಾನ ಎಷ್ಟು ಎಂಬುದು 23ನೇ ತಾರೀಖಿನೊಳಗೆ ಗೊತ್ತಾಗಬೇಕು. ಪುಸ್ತಕದ ಕೆಲಸ ಎಲ್ಲಿಗೆ ಬಂತು? ನನ್ನಿಂದ ಏನಾದರೂ ಆಗಬೇಕಿದ್ದರೆ ಹೇಳು.”

ಇದರಲ್ಲಿ ನಾಲ್ಕು ವಿಷಯ ಇದೆ, ಗಮನಿಸಿ. ಕೆಲಸ ಯಾವುದು ಎಂದಿದೆ. ತಾರೀಖು ಇದೆ. ಆ ತಾರೀಖೇ ಯಾಕೆ ಎಂದಿದೆ. ಏನಾದರೂ ಅಡ್ಡ ನಿಂತಿದ್ದರೆ ಹೇಳಿಕೊಳ್ಳಲು ಬಾಗಿಲು ತೆರೆದಿದೆ. ಮನುಷ್ಯ ಒಳ್ಳೆಯವನೋ ಸೋಮಾರಿಯೋ ಎಂಬ ಮಾತು ಎಲ್ಲೂ ಇಲ್ಲ. ತಾರೀಖಿನ ಕಾರಣ ಹೇಳುವುದು ಇದರಲ್ಲಿ ಬಹಳ ಮುಖ್ಯ. ಕಾರಣ ಇಲ್ಲದಿದ್ದರೆ ಅದು ಕಾರ್ಯದರ್ಶಿಯ ಹುಕುಂ ಆಗುತ್ತದೆ. ಕಾರಣ ಇದ್ದರೆ ಅವಸರ ಮಾಡುತ್ತಿರುವುದು ನಾನಲ್ಲ, ಅಚ್ಚಿನ ಅಂಗಡಿ ಎಂದು ಎದುರಿನವರಿಗೂ ಅರ್ಥವಾಗುತ್ತದೆ.

ಈ ಸಾಲನ್ನು ಗುಂಪಿಗೆ ಹಾಕಬೇಕೋ, ಹುಡುಗನಿಗೆ ಮಾತ್ರ ಕಳಿಸಬೇಕೋ? ಅವನಿಗೆ ಮಾತ್ರ. ಒಬ್ಬರ ಕೆಲಸದ ವಿಚಾರಣೆ ಮೊದಲು ಆ ಒಬ್ಬರ ಹತ್ತಿರ. ಎಂಟು ಜನ ನೋಡುತ್ತಿರುವಾಗ ಕೇಳಿದ ಪ್ರಶ್ನೆಗೆ ಮನುಷ್ಯ ಉತ್ತರ ಕೊಡುವುದಿಲ್ಲ, ಮಾನ ಉಳಿಸಿಕೊಳ್ಳುತ್ತಾನೆ.

ಹಾಗೆಂದು ಗುಂಪನ್ನು ಬಿಡುವಂತಿಲ್ಲ. ಒಬ್ಬರ ಕೆಲಸಕ್ಕೆ ಇನ್ನೊಬ್ಬರ ಕೆಲಸ ಅಂಟಿಕೊಂಡಿರುತ್ತದೆ, ಎಲ್ಲರಿಗೂ ಎಲ್ಲ ಸುದ್ದಿ ಬೇಕು. ಅದಕ್ಕೆ ಒಂದು ಉಪಾಯ ಮಾಡಿದೆವು. ‘ಪ್ರತಿ ಬುಧವಾರ, ಶನಿವಾರ ಸಂಜೆ 7 ಗಂಟೆಗೆ ಕೆಲಸಗಳ ಪಟ್ಟಿ ಹಾಕುತ್ತೇನೆ, ಎಲ್ಲರಿಗೂ ಒಪ್ಪಿಗೆಯೇ?’ ಎಂದು ಮೊದಲೇ ಕೇಳಿದೆ. ಎಲ್ಲರೂ ಒಪ್ಪಿದರು. ಇದರಿಂದ ಏನಾಯಿತೆಂದರೆ, ನೆನಪಿಸುವವನು ನಾನಲ್ಲ, ಬುಧವಾರ ಎಂದಾಯಿತು! ನನಗೆ ಸಿಟ್ಟು ಬಂದಾಗ ಬರುವ ಸಂದೇಶಕ್ಕೂ, ಹೇಳಿದ ಹೊತ್ತಿಗೆ ಬರುವ ಪಟ್ಟಿಗೂ ಬಹಳ ವ್ಯತ್ಯಾಸ. ಶಾಲೆಯ ಗಂಟೆ ಹೊಡೆದಾಗ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲವಲ್ಲ, ಹಾಗೆ.

ಅಕ್ಟೋಬರ್ 18ರ ಶನಿವಾರ ಮೊದಲ ಪಟ್ಟಿ ಹೋಯಿತು:

“ಆಗಿರುವುದು: ಶಾಮಿಯಾನ, ಕುರ್ಚಿಗೆ ಮುಂಗಡ. ಪಾರ್ಕಿಗೆ ಪಾಲಿಕೆಯ ಒಪ್ಪಿಗೆ ಪತ್ರ.

ನಡೆಯುತ್ತಿರುವುದು: ಪೊಲೀಸ್ ಅನುಮತಿ (ಇವತ್ತು ಅರ್ಜಿ ಕೊಟ್ಟಾಯಿತು). ಚಂದಾ. ಪುಸ್ತಕಗಳು.

ಶುರುವಾಗಬೇಕಿರುವುದು: ಆಮಂತ್ರಣ ಪತ್ರಿಕೆ (ನನ್ನ ಕೆಲಸ, ಸೋಮವಾರದೊಳಗೆ ಕರಡು ತೋರಿಸುತ್ತೇನೆ). ತಿಂಡಿಗೆ ಎಷ್ಟು ಜನ ಎಂಬ ಲೆಕ್ಕ (ಅಡುಗೆಯವರು 28ಕ್ಕೆ ಕೇಳಿದ್ದಾರೆ).”

ಮೂರು ಸಂಗತಿ ಇಲ್ಲಿ ಬೇಕೆಂದೇ ಮಾಡಿದ್ದು. ಆಗಿರುವ ಕೆಲಸ ಮೊದಲು. ಮಾಡಿದವರು ಅದನ್ನು ಓದಿ ಒಂದು ಗಳಿಗೆ ಖುಷಿಪಡಲಿ. ಬಾಕಿ ಇರುವುದರಲ್ಲಿ ನನ್ನದೇ ಮೊದಲು, ನನ್ನ ಹೆಸರಿನ ಜೊತೆಗೆ. ಉಳಿದವರ ಹೆಸರು ಪಟ್ಟಿಯಲ್ಲಿ ಇಲ್ಲ, ಕೆಲಸದ ಹೆಸರು ಮಾತ್ರ ಇದೆ. ಪುಟ್ಟಿ ಹೇಳಿದ್ದು ನಿಜ, ಹೆಸರು ಹಾಕದಿದ್ದರೂ ಯಾರದು ಎಂದು ಎಲ್ಲರಿಗೂ ಗೊತ್ತು. ಆದರೆ ಎಲ್ಲ ಕೆಲಸಗಳ ನಡುವೆ ಅದೂ ಒಂದಾಗಿ, ನನ್ನ ಬಾಕಿಯ ಜೊತೆಯಲ್ಲೇ ಕೂತಿದ್ದರೆ ಅದು ದೂರಲ್ಲ, ಸುದ್ದಿ.

ಮುಂದಿನ ಪಟ್ಟಿ 22ರ ಬುಧವಾರ ಹೋಗಬೇಕಿತ್ತು. ಅಂದು ಬಲಿಪಾಡ್ಯಮಿ. ಹಬ್ಬದ ಮನೆಯಲ್ಲಿ ಎಣ್ಣೆಯ ಬಾಣಲೆ ಮುಂದೆ ನಿಂತವರಿಗೆ ‘ಬಾಕಿ’ ಎಂಬ ಪದ ಕಳಿಸುವುದು ಬೇಡ ಎಂದು 23ಕ್ಕೆ ಹಾಕಿದೆ. ಒಂದು ದಿನದಿಂದ ಏನೂ ಮುಳುಗಲಿಲ್ಲ. ರಾತ್ರಿ ಹೊತ್ತು ಕಳಿಸುವುದನ್ನೂ ಬಿಟ್ಟೆ. ರಾತ್ರಿ ಬಂದ ಬಾಕಿ ಕೆಲಸಕ್ಕೆ ಯಾರೂ ಏನೂ ಮಾಡಲಾಗುವುದಿಲ್ಲ, ನಿದ್ದೆ ಕೆಡಿಸಿಕೊಳ್ಳಬಹುದು ಅಷ್ಟೆ.

ಇಷ್ಟು ಮಾಡಿದ ಮೇಲೆ ಎಲ್ಲ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಪುಸ್ತಕದ ಹುಡುಗನಿಂದ ಉತ್ತರವೇ ಇಲ್ಲ. ನಾನು ಅವನೊಬ್ಬನಿಗೆ ಕಳಿಸಿದ ಸಂದೇಶ ಓದಿದ್ದ. 18ರ ಪಟ್ಟಿ ಓದಿದ್ದ. 23ರ ಪಟ್ಟಿಯನ್ನೂ ಓದಿದ್ದ. ಮೆತ್ತಗೆ ಹೇಳುವುದಕ್ಕೂ ಒಂದು ಮಿತಿ ಇದೆ. ಅದೇ ಸಂದೇಶವನ್ನು ಮೂರನೇ ಸಲ ಕಳಿಸಿದರೆ, ಎಷ್ಟೇ ಸವಿಯಾಗಿದ್ದರೂ ಅದು ಪೀಡಿಸುವುದೇ. ಎರಡು ಸಲಕ್ಕೆ ಉತ್ತರ ಬರದಿದ್ದರೆ ಬರೆಯುವುದು ನಿಲ್ಲಿಸಬೇಕು, ಮಾತಾಡಬೇಕು. 24ರ ಸಂಜೆ ಫೋನ್ ಮಾಡಿದೆ.

ಇಲ್ಲೊಂದು ಪ್ರಶ್ನೆ ನಾಲಿಗೆಯ ತುದಿಗೆ ಬಂದಿತ್ತು: ‘ನಿನ್ನ ಕೈಲಿ ಆಗುತ್ತೋ ಇಲ್ಲವೋ ಹೇಳಿಬಿಡು.’ ನುಂಗಿಕೊಂಡೆ. ಈ ಪ್ರಶ್ನೆಗೆ ಮರ್ಯಾದೆಯುಳ್ಳ ಯಾರೂ ‘ಆಗಲ್ಲ’ ಎನ್ನುವುದಿಲ್ಲ. ‘ಆಗುತ್ತೆ ಅಂಕಲ್’ ಎನ್ನುತ್ತಾರೆ, ಮತ್ತೆ ಸುಮ್ಮನಾಗುತ್ತಾರೆ. ಅದರ ಬದಲು ಕೆಲಸವನ್ನೇ ಎರಡು ತುಂಡು ಮಾಡಿದೆ.

“ಆಫೀಸಿನ ಕೆಲಸ ಜಾಸ್ತಿ ಇರಬಹುದು ಅನ್ನಿಸ್ತಪ್ಪಾ. ಮಕ್ಕಳಿಗೆ ಯಾವ ಪುಸ್ತಕ ಇಷ್ಟ ಅನ್ನೋದು ನನಗಿಂತ ನಿನಗೆ ಗೊತ್ತು. ಪಟ್ಟಿ ನೀನು ಬರೆದು ಕೊಡು. ಅಂಗಡಿಗೆ ಹೋಗಿ ತರೋದನ್ನ ನಾನು ಮಾಡಲಾ?”

ಆ ಕಡೆ ಒಂದು ನಿಟ್ಟುಸಿರು ಕೇಳಿಸಿತು. “ಥ್ಯಾಂಕ್ಸ್ ಅಂಕಲ್. ಎರಡು ವಾರದಿಂದ ರಾತ್ರಿ ಹನ್ನೊಂದಕ್ಕೆ ಮನೆಗೆ ಬರ್ತಿದ್ದೀನಿ. ಆಗಲ್ಲ ಅಂತ ಗುಂಪಲ್ಲಿ ಹೇಳೋಕೆ ನಾಚಿಕೆ ಆಗ್ತಿತ್ತು.” ಅಂದು ರಾತ್ರಿಯೇ ಮೂವತ್ತು ಪುಸ್ತಕಗಳ ಪಟ್ಟಿ ಬಂತು. ಪುಟ್ಟಿಯೂ ನಾನೂ ಶನಿವಾರ ಅಂಗಡಿಗೆ ಹೋಗಿ ಇಪ್ಪತ್ತೇಳು ತಂದೆವು. ಮೂರು ಸಿಗಲಿಲ್ಲ, ಅದರ ಬದಲು ಬೇರೆ ಮೂರು ಆರಿಸಿದವಳು ಪುಟ್ಟಿ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ದೂರಿನ ಹಾಗೆ ಕೇಳಿಸಬಾರದು ಎಂದು ಕೆಲವರು ತೀರಾ ತೆಳ್ಳಗೆ ಬರೆಯುತ್ತಾರೆ: ‘ತಿಂಡಿಯ ಲೆಕ್ಕವನ್ನು ಯಾರಾದರೂ ನೋಡಿಕೊಂಡರೆ ಒಳ್ಳೆಯದಿತ್ತು.’ ನಾನೂ 25ರ ಪಟ್ಟಿಯಲ್ಲಿ ಹೀಗೇ ಬರೆದಿದ್ದೆ. ಓದಿದ ಎಂಟೂ ಜನ ‘ಯಾರಾದರೂ’ ಎಂದರೆ ಇನ್ನೊಬ್ಬರು ಎಂದುಕೊಂಡರು. 27ರವರೆಗೆ ಲೆಕ್ಕ ಆಗಲಿಲ್ಲ. ಕೊನೆಗೆ ಖಜಾಂಚಿ ಮೇಡಂಗೆ ಫೋನ್ ಮಾಡಿ, ‘ಚಂದಾ ಪುಸ್ತಕ ನಿಮ್ಮ ಹತ್ತಿರ ಇದೆ, ಎಷ್ಟು ಮನೆ ಅಂತ ನೋಡಿ ನಾಳೆ ಮಧ್ಯಾಹ್ನದೊಳಗೆ ಒಂದು ಸಂಖ್ಯೆ ಕೊಡ್ತೀರಾ?’ ಎಂದೆ. ಅರ್ಧ ಗಂಟೆಯಲ್ಲಿ ಕೊಟ್ಟರು. ಯಾರು, ಏನು, ಯಾವಾಗ ಎಂದು ನೇರವಾಗಿ ಹೇಳುವುದು ಒರಟುತನವಲ್ಲ. ಅದರ ಮೇಲೆ ಸಿಟ್ಟಿನ ಒಗ್ಗರಣೆ ಹಾಕುವುದು ಒರಟುತನ.

ನವೆಂಬರ್ 1ರ ಬೆಳಿಗ್ಗೆ ಪಾರ್ಕಿನಲ್ಲಿ ಹಳದಿ ಕೆಂಪು ಬಾವುಟ ಏರಿತು. ಮೈಕು ಕೂಗಿತು, ಅನುಮತಿ ಪತ್ರ ಮೇಷ್ಟ್ರ ಜೇಬಿನಲ್ಲಿತ್ತು. ಕೇಸರಿಬಾತು ಕೊನೆಯ ಹತ್ತು ಜನಕ್ಕೆ ಸಾಲಲಿಲ್ಲ, ಉಪ್ಪಿಟ್ಟು ಮಿಕ್ಕಿತು. ಪ್ರತಿ ವರ್ಷ ಹೀಗೇ.

ಮಾರನೇ ದಿನ ವಾಕಿಂಗ್‌ನಲ್ಲಿ ಮೂರನೇ ಸುತ್ತಿಗೆ ಮೇಷ್ಟ್ರು ಕೆಮ್ಮಿ ಗಂಟಲು ಸರಿಮಾಡಿಕೊಂಡರು.

“ರಾಯರೇ, ಖರ್ಚುವೆಚ್ಚದ ಲೆಕ್ಕ ಎಲ್ಲಿಗೆ ಬಂತು? ಒಂಬತ್ತನೇ ತಾರೀಖಿನ ಸಭೆಯಲ್ಲಿ ಓದಬೇಕಲ್ಲ, ಅದಕ್ಕೆ ಕೇಳಿದೆ. ನನ್ನಿಂದ ಏನಾದರೂ ಆಗಬೇಕಿದ್ದರೆ ಹೇಳಿ.”

ಕೆಲಸ, ತಾರೀಖು, ಕಾರಣ, ಸಹಾಯ, ನಾಲ್ಕೂ ಇತ್ತು. ‘ಇನ್ನೂ’ ಇರಲಿಲ್ಲ, ‘ಯಾಕೆ’ ಇರಲಿಲ್ಲ. ನಾನು ರಸೀದಿಗಳನ್ನು ಡಬ್ಬಿಯಿಂದ ಆಚೆಗೇ ತೆಗೆದಿರಲಿಲ್ಲ. ಆದರೂ ಒಂದಿಷ್ಟೂ ಚುಚ್ಚಲಿಲ್ಲ. ಮನೆಗೆ ಬಂದವನೇ ಡಬ್ಬಿ ತೆರೆದೆ.

ಮಕ್ಕಳೇ, ಈ ವಾರ ನಿಮಗೊಂದು ಆಟ. ಶಾಲೆಯ ಗೋಡೆಪತ್ರಿಕೆ ತಂಡದಲ್ಲೋ ವಾರ್ಷಿಕೋತ್ಸವದ ತಂಡದಲ್ಲೋ ನೀವಿದ್ದೀರಿ ಎಂದುಕೊಳ್ಳಿ. ಈ ಮೂರು ಸಾಲು ಗೆಳೆಯರಿಗೆ ಹೋಗಬೇಕಿದೆ:

‘ನಿನ್ನ ಚಿತ್ರ ಇನ್ನೂ ಯಾಕೆ ಬಂದಿಲ್ಲ?’

‘ನಾಟಕದ ಬಟ್ಟೆ ತರ್ತೀನಿ ಅಂತ ನೀನೇ ಹೇಳಿದ್ದೆ.’

‘ಬಣ್ಣದ ಹಾಳೆ ಯಾರಾದರೂ ತಂದರೆ ಚೆನ್ನಾಗಿರುತ್ತಿತ್ತು.’

ಅಜ್ಜನನ್ನೋ ಅಜ್ಜಿಯನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಇವನ್ನು ಬೇರೆ ರೀತಿ ಬರೆದು ನೋಡಿ. ಬರೆದದ್ದನ್ನು ಒಮ್ಮೆ ಗಟ್ಟಿಯಾಗಿ ಓದಿ. ನಿಮಗೇ ಯಾರಾದರೂ ಅದನ್ನು ಕಳಿಸಿದ್ದರೆ ಮೊದಲು ಬಟ್ಟೆ ಹುಡುಕಲು ಏಳುತ್ತಿದ್ದಿರಾ, ಉತ್ತರ ಹುಡುಕಲು ಕೂರುತ್ತಿದ್ದಿರಾ? ಅದನ್ನು ನೋಡಿದರೆ ಸರಿಯಾಯಿತೋ ಇಲ್ಲವೋ ತಿಳಿಯುತ್ತದೆ. ಮೂರನೆಯ ಸಾಲು ಮಾತ್ರ ಸ್ವಲ್ಪ ಹುಷಾರು, ಅದರಲ್ಲಿ ಸಿಟ್ಟಿಲ್ಲ, ತಪ್ಪು ಬೇರೆ ಇದೆ.